ಕೆಂಚಪ್ಪನ ವಾರ್ಷಿಕ ಟಿಪ್ಪಣಿ

ಕೆಂಚಪ್ಪನ ಬಗ್ಗೆ ನಾನು ಆರು ವರ್ಷದಲ್ಲಿ ಬರೆದದ್ದು ಒಂದೇ ಒಂದು ಸಾಲು. ‘ಕೆಲಸ ತೃಪ್ತಿಕರ, ನಂಬಿಕಸ್ಥರು, ಹೀಗೆಯೇ ಮುಂದುವರಿಸಿ.’ ಪ್ರತಿ ಅಕ್ಟೋಬರಿನಲ್ಲೂ ಹಿಂದಿನ ವರ್ಷದ್ದನ್ನು ತೆಗೆದು ಅಂಟಿಸುತ್ತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ ಎಂಬುದು ನನ್ನ ಸಮಾಧಾನ.

ಬಸವೇಶ್ವರನಗರದ ನಮ್ಮ ರಕ್ತ ಪರೀಕ್ಷೆಯ ಲ್ಯಾಬಿಗೆ ನಾನು ಮ್ಯಾನೇಜರ್, ಹೆಸರು ಗಿರಿರಾಜ್. ಕೆಂಚಪ್ಪ ಹಿರಿಯ ಟೆಕ್ನಿಷಿಯನ್, ಹದಿನೇಳು ವರ್ಷದ ಸರ್ವೀಸು. ಕೆಂಗೇರಿ ಹತ್ತಿರದ ಹಳೇ ಊರಿನವನು. ಅವರಪ್ಪನ ಹೊಲವಿದ್ದ ಕಡೆ ಈಗ ಲೇಔಟು ಎದ್ದಿದೆ, ಇವನು ಅದರ ಪಕ್ಕದಲ್ಲೇ ಸ್ವಂತ ಮನೆ ಕಟ್ಟಿಕೊಂಡು, ದಿನಾ ಆರೂಮುಕ್ಕಾಲಿಗೆ ಸ್ಕೂಟರ್ ತಂದು ನಮ್ಮ ಶಟರ್ ಮುಂದೆ ನಿಲ್ಲಿಸುತ್ತಾನೆ. ಬಂದವನು ಕಾಫಿ ಕುಡಿಯುವುದಿಲ್ಲ. ಮೊದಲು ಮಿಷಿನ್ನಿಗೆ ಕಂಟ್ರೋಲ್ ಹಾಕುತ್ತಾನೆ. ಕಂಟ್ರೋಲ್ ಅಂದರೆ ಉತ್ತರ ಮೊದಲೇ ಗೊತ್ತಿರುವ ದ್ರವ. ಮಿಷಿನ್ನು ಅದಕ್ಕೆ ಸರಿಯಾದ ಉತ್ತರ ಕೊಟ್ಟರೆ ಮಾತ್ರ ಜನರ ರಕ್ತವನ್ನು ಒಳಗೆ ಬಿಡುತ್ತಾನೆ, ಇಲ್ಲದಿದ್ದರೆ ಡಾಕ್ಟರ್ ಫೋನ್ ಮಾಡಿ ಬೈದರೂ ರಿಪೋರ್ಟ್ ಹೊರಡುವುದಿಲ್ಲ. ಇಂಥವನೊಬ್ಬ ಇದ್ದರೆ ಮ್ಯಾನೇಜರಿಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಈ ವರ್ಷ ನಮ್ಮ ಹೆಡ್ ಆಫೀಸು ನನ್ನ ನಿದ್ದೆ ಕೆಡಿಸಿತು. ರಾಜರಾಜೇಶ್ವರಿನಗರದಲ್ಲಿ ಕೂತಿರುವ ಎಚ್.ಆರ್. ಹುಡುಗಿ ಐಶ್ವರ್ಯ, ಫಾರಮ್ಮಿಗೆ ಹೊಸದೊಂದು ಕಾಲಂ ಸೇರಿಸಿದಳು: ‘ಈ ವ್ಯಕ್ತಿ ಕಳೆದ ವರ್ಷಕ್ಕಿಂತ ಏನು ಹೊಸದು ಕಲಿತರು? ಮುಂದೇನು ಕಲಿಯಬೇಕು?’ ಜೊತೆಗೆ ಸೂಚನೆ ಬೇರೆ. ಇದು ಅಂಕ ಹಾಕುವುದಲ್ಲ, ಇಂಕ್ರಿಮೆಂಟಿನ ಮಾತು ಬೇಡ, ಮೊದಲು ಕೂತು ಮಾತಾಡಿ, ಆಮೇಲೆ ಬರೆಯಿರಿ. ಜನವರಿಯಲ್ಲಿ ಕೆಂಗೇರಿಯಲ್ಲಿ ಹೊಸ ಲ್ಯಾಬ್ ತೆರೆಯಲಿದೆ, ಅದರ ಇನ್‌ಚಾರ್ಜ್ ಯಾರೆಂದು ಈ ಟಿಪ್ಪಣಿಗಳನ್ನು ನೋಡಿಯೇ ತೀರ್ಮಾನಿಸುತ್ತೇವೆ ಎಂದೂ ಇತ್ತು. ಕೆಂಗೇರಿ ಎಂದ ಕೂಡಲೇ ಕೆಂಚಪ್ಪನ ಮುಖ ಕಣ್ಣಮುಂದೆ ಬಂತು. ಅವನು ಹೋದರೆ ನನ್ನ ಗತಿಯೇನು ಎಂಬುದೂ ಬಂತು.

ಕೂತು ಮಾತಾಡಲು ನನಗೆಲ್ಲಿ ಪುರುಸೊತ್ತು? ಕೊನೆಯ ದಿನ ಮಧ್ಯಾಹ್ನ ಹಳೇ ಸಾಲನ್ನು ಮೊದಲ ಕಾಲಮ್ಮಿಗೆ ಅಂಟಿಸಿದೆ. ಹೊಸ ಕಾಲಮ್ಮಿನಲ್ಲಿ ಹೀಗೆ ಬರೆದೆ: ‘ಬೆಳವಣಿಗೆ ನಿಂತಿದೆ. ಹೊಸ ಜವಾಬ್ದಾರಿಯಲ್ಲಿ ಆಸಕ್ತಿ ತೋರಿಸುವುದಿಲ್ಲ.’ ಬರೆದು ಗುಂಡಿ ಒತ್ತಿದೆ. ಒಂದು ಪ್ರತಿ ಹೆಡ್ ಆಫೀಸಿಗೆ, ಇನ್ನೊಂದು ಕೆಂಚಪ್ಪನಿಗೆ ಹೋಯಿತು. ನೇರವಾಗಿ ಬರೆದೆನಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮರುದಿನ ಹನ್ನೊಂದಕ್ಕೆ, ಬೆಳಗಿನ ರಶ್ ಮುಗಿದ ಮೇಲೆ, ಕೆಂಚಪ್ಪ ನನ್ನ ರೂಮಿಗೆ ಬಂದ. ಕೈಯಲ್ಲಿ ಏಳು ಹಾಳೆ. ಆರು ವರ್ಷದ ನನ್ನ ಟಿಪ್ಪಣಿ, ಮತ್ತೆ ಈ ವರ್ಷದ್ದು. ಅವನ್ನು ಮೇಜಿನ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಜೋಡಿಸಿದ. ಕೂರಲು ಹೇಳಿದರೂ ಕೂರಲಿಲ್ಲ.

“ಸಾರ್, ಮಿಷಿನ್ ದಿನಾ ಕಂಟ್ರೋಲ್‌ಗೆ ಒಂದೇ ಅಂಕಿ ಕೊಡ್ತಾ ಹೋದ್ರೆ ಏನಂತೀವಿ? ಮಿಷಿನ್ ಚೆನ್ನಾಗಿದೆ ಅಂತೀವಾ?”

ನನಗೆ ಉತ್ತರ ಗೊತ್ತಿತ್ತು. ಒಳ್ಳೆಯ ಮಿಷಿನ್ನಿನ ಅಂಕಿಯೂ ದಿನದಿಂದ ದಿನಕ್ಕೆ ಒಂಚೂರು ಹೆಚ್ಚುಕಮ್ಮಿ ಆಗುತ್ತಲೇ ಇರುತ್ತದೆ. ಅದೇ ಅಂಕಿ ಸಾಲಾಗಿ ಕಂಡರೆ ತಪಾಸಣೆಗೆ ಬಂದವರು ಮೊದಲು ಹಿಡಿಯುವುದು ಅದನ್ನೇ.

“ಯಾರೋ ಮಿಷಿನ್ ಓಡಿಸದೆ ನಿನ್ನೇದನ್ನೇ ಕಾಪಿ ಮಾಡವ್ರೆ ಅಂತೀವಿ,” ಎಂದ ಕೆಂಚಪ್ಪ. “ನನ್ನನ್ನ ನೀವು ಆರು ವರ್ಷದಿಂದ ಓಡಿಸೇ ನೋಡಿಲ್ಲ ಸಾರ್.”

ನನಗೆ ಸಿಟ್ಟು ಬಂತು. ತಪ್ಪು ಸಿಕ್ಕಿಬಿದ್ದಾಗ ಬರುವ ಸಿಟ್ಟು, ಅದಕ್ಕೆ ಶಬ್ದ ಜಾಸ್ತಿ. ಇನ್‌ಚಾರ್ಜ್ ಆಗಬೇಕಾದರೆ ನಾಲ್ಕು ದಿನದ ಆಡಿಟ್ ತರಬೇತಿ ಆಗಿರಬೇಕು, ನಿಮಗೆ ಅದೆಲ್ಲಿ ಆಗಿದೆ ಎಂದು ದಬಾಯಿಸಿದೆ. ಅವನು ದನಿ ಏರಿಸದೆ ಲೆಕ್ಕ ಒಪ್ಪಿಸಿದ. ಹೆಡ್ ಆಫೀಸಿನವರು ಮೂರು ಸಲ ತರಬೇತಿಗೆ ಹೆಸರು ಕೇಳಿದ್ದರು. ಮೊದಲ ಸಲ ಜೂನಿಯರ್ ಟೆಕ್ನಿಷಿಯನ್ ಗೌತಮನನ್ನು ಕಳಿಸಿದೆ, ಅವನು ಸರ್ಟಿಫಿಕೇಟ್ ತಗೊಂಡು ನಾಲ್ಕೇ ತಿಂಗಳಲ್ಲಿ ಬೇರೆ ಲ್ಯಾಬಿಗೆ ಹಾರಿದ. ಆಮೇಲೆ ಕಳಿಸಿದ ಇಬ್ಬರೂ ಅದನ್ನೇ ಮಾಡಿದರು. ಮೂರು ಸಲವೂ ನಾನು ಕೆಂಚಪ್ಪನಿಗೆ ಹೇಳಿದ್ದು, ನೀವಿಲ್ಲದಿದ್ದರೆ ಲ್ಯಾಬ್ ನಡೆಯಲ್ಲ ಅಂತ. ಹೊಗಳಿಕೆ ಎಂದೇ ಹೇಳಿದ್ದೆ. ಹೋಗುವವರನ್ನು ಓದಿಸಿ ಕಳಿಸಿದೆ, ಇರುವವನನ್ನು ಇದ್ದಲ್ಲೇ ಇಟ್ಟೆ, ಆಮೇಲೆ ಇದ್ದಲ್ಲೇ ಇದ್ದಾನೆ ಎಂದು ದೂರು ಬರೆದೆ. ಭೇಷ್ ಮ್ಯಾನೇಜರ್.

ಲೆಕ್ಕ ಮುಗಿಸಿ ಅವನು ಕೂತ. ತನ್ನದೂ ತಪ್ಪಿದೆ ಎಂದು ತಾನಾಗಿಯೇ ಹೇಳಿದ. ತರಬೇತಿಯೆಲ್ಲ ಇಂಗ್ಲಿಷಿನಲ್ಲಿ, ಹತ್ತು ಜನರ ಮುಂದೆ ಎದ್ದುನಿಂತು ಮಾತಾಡಬೇಕು. ನಾನು ಬೇಡ ಅಂದಾಗ ಎರಡನೇ ಸಲ ಅವನಿಗೆ ನಿರಾಳವೇ ಆಗಿತ್ತಂತೆ. ಮೂರನೇ ಸಲ ಮಾತ್ರ ಮನೆಗೆ ಹೋಗಿ ಊಟ ಮಾಡಲಿಲ್ಲವಂತೆ. ಇಷ್ಟು ವರ್ಷ ಜೊತೆಗಿದ್ದವನ ಬಾಯಿಂದ ಇದನ್ನು ಕೇಳಿ ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು.

“ಕೆಂಗೇರಿ ನನಗೆ ಬೇಕು ಸಾರ್,” ಎಂದ. “ಕೊಡಿ ಅಂತಿಲ್ಲ. ಆಗಲ್ಲ ಅಂತ ಬರೆಯೋದಾದ್ರೂ ನನ್ನನ್ನ ನೋಡಿ ಬರೀರಿ.”

ಐಶ್ವರ್ಯಳಿಗೆ ಫೋನ್ ಮಾಡಿ ಟಿಪ್ಪಣಿ ವಾಪಸ್ ಕೇಳಿದೆ. ಅವಳು ಕಾರಣ ಕೇಳಿದಳು. ಮಾತಾಡದೆ ಬರೆದುಬಿಟ್ಟೆ ಎಂದೆ. ಎಷ್ಟೋ ಜನ ಹಾಗೇ ಮಾಡಿದ್ದಾರೆ, ವಾಪಸ್ ಕೇಳಿದವರು ನೀವೊಬ್ಬರೇ ಎಂದಳು. ಹೊಗಳಿದಳೋ ಬೈದಳೋ ಗೊತ್ತಾಗಲಿಲ್ಲ.

ಇಬ್ಬರೂ ಕೂತು ಹೊಸದಾಗಿ ಬರೆದೆವು, ಒಂದೂವರೆ ಗಂಟೆ ಹಿಡಿಯಿತು. ಏನು ಚೆನ್ನಾಗಿದೆ ಎಂಬಲ್ಲಿ ‘ತೃಪ್ತಿಕರ’ ಹೋಯಿತು. ಜುಲೈನಲ್ಲಿ ತಪ್ಪು ಪೊಟ್ಯಾಸಿಯಂ ರಿಪೋರ್ಟುಗಳು ಹೊರಡದಂತೆ ತಡೆದದ್ದು ಬಂತು. ಎಲ್ಲಿ ನಿಂತಿದೆ ಎಂಬಲ್ಲಿ, ಎಲ್ಲವನ್ನೂ ತಾನೇ ಮಾಡುತ್ತಾನೆ, ಇನ್ನೊಬ್ಬರಿಗೆ ಕಲಿಸುವುದಿಲ್ಲ ಎಂದು ಬರೆದೆ. ಅವನು ಓದಿ, ನಿಜ ಎಂದ. ಮುಂದೇನು: ವಾರಕ್ಕೆ ಮೂರು ದಿನ ಬೆಳಗಿನ ಕಂಟ್ರೋಲ್ ಕೆಲಸವನ್ನು ಜೂನಿಯರ್ ದಿವ್ಯಳಿಗೆ ಬಿಡಬೇಕು, ತಿಂಗಳ ಮೀಟಿಂಗಿನಲ್ಲಿ ಅವನೇ ನಿಂತು ಮಾತಾಡಬೇಕು, ನವೆಂಬರ್ ಕೊನೆಯಲ್ಲಿ ತರಬೇತಿ, ಡಿಸೆಂಬರ್ ಹದಿನೈದಕ್ಕೆ ಮತ್ತೆ ಕೂತು ನೋಡುವುದು. ಫಾರಮ್ಮಿನ ಕೊನೆಯಲ್ಲಿದ್ದ, ಮ್ಯಾನೇಜರ್ ಏನು ಮಾಡಬೇಕು ಎಂಬ ಕಾಲಮ್ಮನ್ನು ನಾನು ಖಾಲಿ ಬಿಟ್ಟಿದ್ದೆ. ಕೆಂಚಪ್ಪ ಅದರ ಮೇಲೆ ಬೆರಳಿಟ್ಟ. ‘ತರಬೇತಿಯ ನಾಲ್ಕು ದಿನ ಫೋನ್ ಮಾಡುವುದಿಲ್ಲ’ ಎಂದು ಬರೆದುಕೊಟ್ಟೆ.

ತರಬೇತಿಯ ಎರಡನೇ ದಿನ ಬೆಳಿಗ್ಗೆ ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ಕಂಟ್ರೋಲ್ ಕೈಕೊಟ್ಟಿತು. ಹೊರಗೆ ಮೂವತ್ತು ಜನ. ನಾನು ಫೋನ್ ಹಿಡಿದು ಕೆಂಚಪ್ಪನ ನಂಬರ್ ತೆಗೆದೆ. ದಿವ್ಯ ನನ್ನ ಕಡೆ ನೋಡಲೂ ಇಲ್ಲ. ರಿಪೋರ್ಟ್ ಬಿಡಲ್ಲ ಸಾರ್, ಜನಕ್ಕೆ ತಡ ಆಗುತ್ತೆ ಅಂತ ಹೇಳಿಬಿಡಿ ಎಂದು ನನ್ನನ್ನೇ ಕೌಂಟರಿಗೆ ಅಟ್ಟಿದಳು. ಹೊಸ ಬಾಟಲಿಯ ಕಂಟ್ರೋಲ್ ಹಾಕಿದಳು, ಅದೂ ತಪ್ಪಿತು. ಮಿಷಿನ್ನಿನ ಅಳತೆ ಸರಿಪಡಿಸುವ ಕ್ಯಾಲಿಬ್ರೇಷನ್ ಮಾಡಿ ಮತ್ತೆ ಹಾಕಿದಳು, ಸರಿಹೋಯಿತು. ಅವಳಿಗೆ ಇದನ್ನು ಕಲಿಸಲು ಕೆಂಚಪ್ಪನಿಗೆ ಹಿಡಿದದ್ದು ಐದು ವಾರ.

ಅವನಿಲ್ಲದೆ ನಮ್ಮ ರಿಪೋರ್ಟ್ ಹೊರಟದ್ದು ನಲವತ್ತು ನಿಮಿಷ ತಡವಾಗಿ. ನನ್ನಿಂದಾಗಿ ಅವನು ತರಬೇತಿಗೆ ಹೊರಟದ್ದು ಆರು ವರ್ಷ ತಡವಾಗಿ.