ನೂರಾ ಇಪ್ಪತ್ತಾರು ದಿನ

ಹರಿಹರದ ಆಸ್ಪತ್ರೆಯ ನರ್ಸ್ ಹಜೀರಾಬೀ ಇಪ್ಪತ್ತೆರಡು ವರ್ಷದಿಂದ ಬಸುರಿಯರ ದಿನ ಎಣಿಸುತ್ತ ಬಂದವಳು. ಸೆಪ್ಟೆಂಬರ್ ಎಂಟರ ಮಧ್ಯಾಹ್ನ ಮಹಬೂಬಿ ಎಂಬ ಹೆಂಗಸು ಸೊಸೆ ಬುಷ್ರಾಳನ್ನು ತಂದು ಅವಳೆದುರು ಕೂರಿಸಿ, ಬೆಳಿಗ್ಗೆಯ ಸ್ಕ್ಯಾನ್ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಹದಿನೆಂಟು ವಾರ ಅಂತ ಬರದಾರೆ ಸಿಸ್ಟರ್. ತಿಂಗಳಿಗೆ ನಾಕು ವಾರ, ಅಂದ್ರೆ ನಾಕೂವರೆ ತಿಂಗಳು. ಮೇ ಐದಕ್ಕೆ ಮುಟ್ಟಾದೆ ಅಂತ ಇವಳು ನಮಾಜು ಬಿಟ್ಟಿದ್ಲು. ಅಲ್ಲಿಂದ ನಾಕೇ ತಿಂಗಳು. ನನ್ನ ಮಗ ದುಬೈಯಿಂದ ರಜಕ್ಕೆ ಬಂದಿದ್ದು ಮೇ ಹದಿನೈದಕ್ಕೆ. ಮುಟ್ಟು ಬರೀ ನಾಟಕ, ಹೊಟ್ಟೆ ಮೊದಲೇ ಇತ್ತು."

ಹಜೀರಾಬೀ ಗೋಡೆಯ ಕ್ಯಾಲೆಂಡರ್ ಇಳಿಸಿದಳು. ಇಂಥ ಲೆಕ್ಕಕ್ಕೆ ಮನೆ ಬಿಟ್ಟ ಹುಡುಗಿಯರನ್ನು ಅವಳು ಕಂಡಿದ್ದಳು.

"ನಾವು ವಾರ ಎಣಿಸೋದು ಮುಟ್ಟಾದ ದಿನದಿಂದ್ಲೇ. ನಾಕು ವಾರಕ್ಕೆ ಇಪ್ಪತ್ತೆಂಟೇ ದಿನ. ತಿಂಗಳಿಗೆ ಮೂವತ್ತು, ಮೂವತ್ತೊಂದು. ಉಳಿದ ದಿನ ನೀವು ನುಂಗಿದ್ರೇನು? ಮೇ ಐದರಿಂದ ಸೆಪ್ಟೆಂಬರ್ ಐದಕ್ಕೆ ನಾಕು ತಿಂಗಳು, ನೂರಾ ಇಪ್ಪತ್ತಮೂರು ದಿನ. ಹದಿನೆಂಟು ವಾರಕ್ಕೆ ನೂರಾ ಇಪ್ಪತ್ತಾರು. ಮೂರು ದಿನ ಹೆಚ್ಚು, ಅಷ್ಟೆ. ಇವತ್ತಿಗೆ ಸರಿಯಾಯ್ತು ನೋಡ್ರಿ."

ಮಹಬೂಬಿ ಕ್ಯಾಲೆಂಡರಿನ ಒಂದೊಂದೇ ಮನೆಯ ಮೇಲೆ ಬೆರಳಿಟ್ಟು ತಾನೇ ಎಣಿಸಿದಳು. ಕೊನೆಗೆ ಚೀಟಿ ಮಡಚಿದಳು.

"ಸರಿ ಐತೆ. ಏಳು, ಮನೀಗೆ ನಡಿ."

ಬುಷ್ರಾ ಏಳಲಿಲ್ಲ.

"ಬೆಳಿಗ್ಗೆ ನೀವು ದುಬೈಗೆ ಫೋನ್ ಮಾಡಿ ನಿಮ್ಮ ಮಗನಿಗೆ ಇದನ್ನೇ ಹೇಳಿದ್ರಿ. ಅವರು ನನ್ನ ಒಂದು ಮಾತೂ ಕೇಳ್ಲಿಲ್ಲ, ನಂಬಿಬಿಟ್ರು" ಎಂದು ಹಜೀರಾಬೀಯ ಕಡೆ ತಿರುಗಿದಳು. "ಸಿಸ್ಟರ್, ನಮ್ಮಣ್ಣ ದಾವಣಗೆರೆಯಾಗೆ ಅದಾನೆ. ಬಂದು ಕರ್ಕೊಂಡು ಹೋಗು ಅಂತ ಹೇಳ್ರಿ."

ಹಜೀರಾಬೀ ಅವಳಿಂದ ನಂಬರ್ ಕೇಳಿ ಒತ್ತಿದಳು.