ಹನ್ನೆರಡು ಹುಣಸೆಬೀಜ ಮತ್ತು ನಮ್ಮ ಭಾವನವರ ಕಾಲು

ನಿಜಾಮ ಸರ್ಕಾರದ ಕಾಲದಲ್ಲಿ ಭಾಲ್ಕಿಯಲ್ಲಿ ವ್ಯಾಜ್ಯಗಳಿಗೇನೂ ಬರಗಾಲ ಇರಲಿಲ್ಲ. ಹೊಲದ ಬದುವಿಗೆ ವ್ಯಾಜ್ಯ, ಬಾವಿಯ ನೀರಿಗೆ ವ್ಯಾಜ್ಯ, ಯಾರ ಹೋರಿ ಯಾರ ಕಣಿಕೆ ತಿಂದಿತು ಎಂಬುದಕ್ಕೆ ವ್ಯಾಜ್ಯ. ಇವಕ್ಕೆಲ್ಲ ಕಚೇರಿ ಇತ್ತು, ಮುನ್ಶಿ ಇದ್ದ. ನಮ್ಮ ಭಾವನವರ ಕೈಗೂ ಅವರದೇ ಕಾಲಿಗೂ ಹುಟ್ಟಿಕೊಂಡ ವ್ಯಾಜ್ಯಕ್ಕೆ ಮಾತ್ರ ಯಾವ ಕಚೇರಿಯೂ ಇರಲಿಲ್ಲವಾಗಿ ಅದು ನನ್ನ ತಲೆಯ ಮೇಲೆ ಬಂತು.

ಮದುವೆಯ ಮೆರವಣಿಗೆಗೆ ಬಾರಿಸುವ ಮೇಳ ನಮ್ಮದು. ಹೆಗಲಿಗೆ ತೂಗುಹಾಕಿದ ದೊಡ್ಡ ಢೋಲು ನನ್ನದು. ಕಂಚಿನ ಝಾಂಜು, ಅಂದರೆ ಅಂಗೈಯಗಲದ ತಾಳ, ಭಾವನವರದು. ಅವರು ನನ್ನ ಅಕ್ಕನ ಗಂಡ. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಹನ್ನೆರಡು ವರ್ಷ ಅವರು ನನ್ನ ಪಕ್ಕದಲ್ಲಿ ನಡೆಯುತ್ತ, ನನ್ನ ಪ್ರತಿ ಪೆಟ್ಟಿಗೂ ಒಂದು ಝಣ್ ಎಂದು ಸಾಕ್ಷಿ ಹಾಕುತ್ತ ಬಂದಿದ್ದರು. ಆದರೆ ಅವರ ಕಣ್ಣಿದ್ದದ್ದು ತಾಶಾದ ಮೇಲೆ. ತಾಶಾ ಎಂದರೆ ಕೊರಳಿಗೆ ಕಟ್ಟಿ ಎರಡು ಸಣ್ಣ ಬೆತ್ತದಲ್ಲಿ ಬಡಿಯುವ, ಬಾಯಿಗೆ ಚರ್ಮ ಬಿಗಿದ ತಾಮ್ರದ ಬೋಗುಣಿ. ಮೇಳದಲ್ಲಿ ಅದು ಮಾತಾಡುವ ಬಾಯಿ, ಉಳಿದವರೆಲ್ಲ ಹೂಂಗುಟ್ಟುವವರು. ಅದನ್ನು ಬಾರಿಸುತ್ತಿದ್ದವರು ಬೀದರಿನ ಉಸ್ತಾದರು. ಅವರಿಗೆ ಮೊಣಕಾಲು ಹಿಡಿದುಕೊಂಡು ನಡೆಯಲಾಗದಂತಾದಾಗ ಭಾವನವರು ಬೀದರಿಗೆ ಹೋಗಿ ಅವರ ಕಟ್ಟೆಯ ಕೆಳಗೆ ಕೂತುಬಿಟ್ಟರು.

ಉಸ್ತಾದರು ಕರಾರು ಹಾಕಿದರು. ಔರಾದಿನಲ್ಲಿ ಒಂದು ಮದುವೆ ಇದೆ. ಅಲ್ಲಿ ಅಗಸಿಯಿಂದ, ಅಂದರೆ ಊರಬಾಗಿಲಿನಿಂದ, ಹೆಣ್ಣಿನ ಮನೆಯ ಬಾಗಿಲವರೆಗೂ ಗಂಡಿನ ಕಡೆಯವರು ಕುಣಿಯುತ್ತ ಹೋಗಬೇಕು, ನಡುವೆ ಕುಣಿತ ನಿಲ್ಲಬಾರದು. ಅಷ್ಟು ದೂರ ಭಾವನವರು 'ನಾಲ್ಕರ ಮೇಲೆ ಮೂರು' ಬಾರಿಸಿ, ಕುಣಿಯುವವರ ಹೆಜ್ಜೆ ಕೆಡದಂತೆ ದಾಟಿಸಿದರೆ ತಾಶಾ ಅವರದು. ಕೆಟ್ಟರೆ ತಾಶಾ ಬೀದರಿಗೆ ವಾಪಸ್ಸು, ಭಾವನವರು ಸಾಯುವತನಕ ಝಾಂಜಿಗೆ.

"ಮತ್ತ ಝಾಂಜಿಗೆ ಹೋದ್ರ ನಾ ಮೇಳಾನೇ ಬಿಡ್ತೇನಿ ನೋಡು ತಮ್ಮಾ," ಎಂದರು ಭಾವನವರು ನನಗೆ. ಹೇಳಿದ್ದನ್ನು ಮಾಡುವ ಮನುಷ್ಯ. ಮೇಳ ಬಿಟ್ಟರೆ ಇಡೀ ದಿನ ಮನೆಯಲ್ಲಿ ಇರುತ್ತಾರೆ ಎಂದು ಹೆದರಿ ಅಕ್ಕ ಅಂದೇ ದೇವರಿಗೆ ಹರಕೆ ಹೊತ್ತಳು.

ಉಸ್ತಾದರು ಎತ್ತಿನ ಗಾಡಿಯಲ್ಲಿ ಭಾಲ್ಕಿಗೆ ಬಂದು ನಮ್ಮ ಕಟ್ಟೆಯ ಮೇಲೆ ಕೂತು ಪಾಠ ಶುರುಮಾಡಿದರು. ಮೊದಲು ಹನ್ನೆರಡು ಹುಣಸೆಬೀಜಗಳನ್ನು ದುಂಡಗೆ ಜೋಡಿಸಿದರು.

"ಢೋಲು ಎರಡೆರಡು ಬೀಜ ಬಿಟ್ಟು ಬಡೀತದ. ಒಂದು, ನಾಕು, ಏಳು, ಹತ್ತು. ನಾಕು ಪೆಟ್ಟು. ತಾಶಾ ಮೂರುಮೂರು ಬಿಟ್ಟು. ಒಂದು, ಐದು, ಒಂಬತ್ತು. ಮೂರು ಪೆಟ್ಟು. ಸುತ್ತು ಮುಗದ ಮ್ಯಾಲ ಇಬ್ಬರೂ ಮತ್ತ ಒಂದನೇ ಬೀಜಕ್ಕ ಸಲಾಂ. ಸಮಝಾ?"

"ಸಮಝ್ತು ಉಸ್ತಾದ್ರಿ," ಎಂದರು ಭಾವನವರು. ತಿಳಿಯದಿದ್ದಾಗ ಅವರು ಹೀಗೆ ತತ್‌ಕ್ಷಣ ಹೇಳುತ್ತಿದ್ದರು.

"ಏನ್ ಸಮಝ್ತು? ತಾಶಾದ ಎರಡನೇ ಪೆಟ್ಟು ಎಲ್ಲಿ ಬೀಳ್ತದ?"

"ಐದರ ಮ್ಯಾಲ್ರಿ."

"ಅಂಕಿ ನಕ್ಕೋ, ಅಂಕಿ ಬ್ಯಾಡ. ಢೋಲಿನ ಎರಡನೇ ಪೆಟ್ಟಿನ ಬೆನ್ನಿಗೇ ಬೀಳ್ತದ. ತಾಶಾದ ಮೂರನೇದು ಢೋಲಿನ ನಾಕನೇದಕ್ಕಿಂತ ಒಂಚೂರು ಮೊದಲ. ನಡುವ ಢೋಲಿನ ಮೂರನೇದು ಒಂಟಿಯಾಗಿ ನಿಂತಿರ್ತದ, ಯಾರೂ ಮುಟ್ಟಬ್ಯಾಡ್ರಿ ಅದಕ್ಕ."

ಈ ಜಗ್ಗಾಟದ ಉಪಯೋಗವೇನು ಎಂದು ನಾನು ಕೇಳಿದೆ. ನಾಲ್ಕು ಪೆಟ್ಟಿಗೆ ನಾಲ್ಕು ಪೆಟ್ಟು ಹಾಕಿದರೆ ಜನ ಕುಣಿಯುವುದಿಲ್ಲವೇ?

"ಕುಣೀತಾರ. ಎತ್ತು ಗಾಣ ಸುತ್ತಿದಂಗ," ಎಂದರು ಉಸ್ತಾದರು. "ಹಗ್ಗ ಎರಡೂ ಕಡಿ ಜಗ್ಗಿದ್ರನ ಬಿಗಿ. ಮೈಯಾಗ ಆ ಬಿಗಿ ಬಂತಂದ್ರ ಮುದುಕನೂ ಹೆಗಲು ಕುಣಸ್ತಾನ. ಆದ್ರ ಒಂದು ಮಾತು. ಕಾಲು ಢೋಲಿಂದು, ಹೆಗಲು ತಾಶಾದ್ದು. ತಾಶಾ ಕಾಲಿಗೆ ಕೈ ಹಾಕ್ತೋ, ಮಂದಿ ಬೀಳ್ತಾರ."

ಅದಕ್ಕಾಗಿ ಇನ್ನೆರಡು ಕಟ್ಟಳೆಗಳು. ತಾಶಾದ ಮೂರರಲ್ಲಿ ಮೊದಲನೆಯದು ಮಾತ್ರ ತೂಕದ್ದು, ಏಕೆಂದರೆ ಅದು ಢೋಲಿನ ಜೊತೆ ಬೀಳುವಂಥದ್ದು; ಉಳಿದೆರಡು ಹಗುರ, ಬೆತ್ತದ ತುದಿಯಲ್ಲಿ. ಎಂಟು ಸುತ್ತು ಹೀಗೆ ಬಿಗಿದ ಮೇಲೆ ಎರಡು ಸುತ್ತು ತಾಶಾವೂ ಢೋಲಿನ ಹಾದಿಗೇ ಬಂದು ನಾಲ್ಕು ಬಾರಿಸಬೇಕು, ಕುಣಿಯುವವರು ಉಸಿರು ಬಿಡಲಿಕ್ಕೆ. ಢೋಲಿಗೂ ಝಾಂಜಿಗೂ ಇದ್ದದ್ದು ಒಂದೇ ಕಟ್ಟಳೆ: ಆಕಾಶ ಬಿದ್ದರೂ ಅಲುಗಬಾರದು.

ಮುಂದಿನ ಮೂರು ತಿಂಗಳನ್ನು ನಾನು ವಿವರಿಸಲಾರೆ. ಭಾವನವರು ಮನೆಯಲ್ಲಿ ಎಡಗೈಯಲ್ಲಿ ಹಿಟ್ಟಿನ ಡಬ್ಬಿಯ ಮೇಲೆ ನಾಲ್ಕು, ಬಲಗೈಯಲ್ಲಿ ಕೊಡದ ಮೇಲೆ ಮೂರು ಬಾರಿಸಿದರು. ಊಟದ ತಾಟಿನ ಮೇಲೆ ಬಾರಿಸಿದರು. ನಡುಗೋಡೆಯ ಮೇಲೆ ಬಾರಿಸಿದರು. ಗೋಡೆಯ ಈಚೆಗೆ ನನ್ನ ತಲೆ ಇರುತ್ತಿತ್ತು. ಅಕ್ಕ ಒಂದು ಬೆಳಿಗ್ಗೆ ತಗ್ಗುಬಿದ್ದ ಕೊಡ ತಂದು ನನ್ನ ಮುಂದಿಟ್ಟು, "ನಿಮ್ಮ ಮೂರು-ನಾಕು ಯಾವಾಗ ರಾಜಿ ಆಗ್ತಾವ ಹೇಳು, ನಾ ಅಲ್ಲೀತನಕ ಮಣ್ಣಿನ ಕೊಡ ತರ್ತೇನಿ," ಎಂದಳು.

ಆದರೆ ನಿಜ ಹೇಳಬೇಕು, ಭಾವನವರು ಕಲಿತರು. ಕಟ್ಟೆಯ ಮೇಲೆ ಕೂತು ನಾವು ಮೂವರು ಬಾರಿಸಿದರೆ (ಝಾಂಜಿಗೆ ಊರ ಬಡಗಿಯೊಬ್ಬನನ್ನು ಹಿಡಿದುತಂದಿದ್ದೆವು) ಹಾದಿಯಲ್ಲಿ ಹೋಗುವವರು ನಿಂತು ಹೆಗಲು ಕುಣಿಸುತ್ತಿದ್ದರು. ಉಸ್ತಾದರು ಕಣ್ಣು ಮುಚ್ಚಿ ಗಡ್ಡ ಸವರಿಕೊಂಡರು. ನಾವೆಲ್ಲ ಪಂಡಿತರಾದೆವೆಂದು ತಿಳಿದು ಔರಾದಿಗೆ ಗಾಡಿ ಕಟ್ಟಿದೆವು.

ಮದುವೆಯ ದಿನ ಮಧ್ಯಾಹ್ನ, ಅಗಸಿಗೆ ಹೋಗುವ ಮೊದಲು ಊರ ಹೊರಗಿನ ಮಾವಿನ ತೋಪಿನಲ್ಲಿ ಒಂದು ಸಾರೆ ನೋಡೋಣವೆಂದು ಸಾಲುಗಟ್ಟಿದೆವು. ಕಡ್ಡಿ ಹೊತ್ತಿಸಿ ತಾಶಾದ ಚರ್ಮಕ್ಕೆ ಬಿಸಿ ತೋರಿಸಿದೆವು. ಅದು ಗಂಟಲು ಬಿಗಿ ಮಾಡಿಕೊಂಡಿತು. ಗಂಡಿನ ಗೆಳೆಯರು ನಾಲ್ಕೈದು ಜನ ಕೈಯಲ್ಲಿ ಕರವಸ್ತ್ರ ಹಿಡಿದು ಮುಂದೆ ನಿಂತರು. ನಾನು ಢೋಲು ಶುರುಮಾಡಿದೆ, ಹೆಜ್ಜೆ ಹಾಕಿದೆ. ನನ್ನ ಪೆಟ್ಟಿಗೊಂದು ಹೆಜ್ಜೆ; ಮೆರವಣಿಗೆಯ ಢೋಲಿನವನು ಇನ್ನು ಹೇಗೆ ನಡೆದಾನು?

ಐದಾರು ಸುತ್ತಾಗಿರಬಹುದು. ತಾಶಾದ ಸದ್ದು ನನ್ನ ಬೆನ್ನ ಹಿಂದಿನಿಂದ ಬರತೊಡಗಿತು. ತಿರುಗಿ ನೋಡಿದರೆ ಭಾವನವರು ಐದಾರು ಹೆಜ್ಜೆ ಹಿಂದೆ, ಮುಖದಲ್ಲಿ ಮಹಾ ಗಾಂಭೀರ್ಯ ಹೊತ್ತು, ಗಜಗಮನದಿಂದ ಬರುತ್ತಿದ್ದರು. ಅವರ ಕಾಲು ಅವರ ಕೈಯ ಮಾತು ಕೇಳುತ್ತಿತ್ತು. ನಾವು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವರು ಮೂರೇ ಇಡುತ್ತಿದ್ದರು. ಸುತ್ತಿಗೊಂದು ಹೆಜ್ಜೆ ಹಿಂದಕ್ಕೆ ಸಾಲ ಬೀಳುತ್ತಿತ್ತು.

"ಭಾವಾ, ಮುಂದ ಬರ್ರಿ," ಎಂದೆ.

ಅವರು ಓಡಿದರು. ಕಾಲು ಓಡಿದ್ದರಿಂದ ಕೈಯೂ ಓಡಿತು. ತಾಶಾ ಒಮ್ಮೆಲೇ ಅವಸರದ ನಾಲ್ಕಾಯಿತು. ಕುಣಿಯುವವರಲ್ಲಿ ಇಬ್ಬರು ಅದರ ಹಿಂದೆ ಹೋದರು, ಇಬ್ಬರು ಢೋಲಿನ ಹಿಂದೆ ಉಳಿದರು, ಒಬ್ಬ ಇಬ್ಬರ ಕಾಲಿಗೂ ಸಿಕ್ಕು ಕರವಸ್ತ್ರ ಸಹಿತ ಕೂತುಬಿಟ್ಟ.

ಮೂರು ಸಲ ಮಾಡಿದೆವು. ಮೂರು ಸಲವೂ ಹಾಗೇ. ಕಾಲು ಸರಿಯಿಟ್ಟರೆ ಕೈ ನಾಲ್ಕು ಬಾರಿಸುತ್ತದೆ. ಕೈ ಸರಿಯಿಟ್ಟರೆ ಕಾಲು ಮೂರು ನಡೆಯುತ್ತದೆ.

"ನಿಂದ್ರಕಂಡು ಬಾರ್ಸ್ತೇನಿ, ನೀವು ಹೋಗ್ರಿ," ಎಂದರು ಭಾವನವರು.

"ಹಂಗಾದ್ರ ಔರಾದನ್ನ ನಿಮ್ಮ ಕಡಿ ಕರಕೊಂಡು ಬರ್ತೇನಿ ತಡೀರಿ," ಎಂದೆ. ನನ್ನ ತಾಳ್ಮೆ ಅಷ್ಟರಲ್ಲಿ ಮುಗಿದಿತ್ತು.

ಗಾಡಿಯಲ್ಲಿ ಕೂತು ನೋಡುತ್ತಿದ್ದ ಉಸ್ತಾದರು ತಮ್ಮ ಮೊಣಕಾಲಿಗೆ ಒಂದು ಏಟು ಹಾಕಿದರು. "ಗಲತಿ ಇದರದ್ದು. ಇದು ನೋಯ್ತದಂತ ನಾ ಕೂತು ಕಲಿಸ್ದೆ. ನೀವೂ ಕೂತು ಕಲಿತ್ರಿ. ಮೆರವಣಿಗಿ ಏನು ಕೂತು ಹೋಗ್ತದ?"

ಇಂಥ ಗಹನವಾದ ಸತ್ಯ ಮೂರು ತಿಂಗಳಲ್ಲಿ ನಮ್ಮಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ಭಾವನವರು ತಾಶಾವನ್ನು ಕೊರಳಿನಿಂದ ತೆಗೆದು, ಧೂಳು ಒರೆಸಿ, ಗಾಡಿಯೊಳಗೆ ಉಸ್ತಾದರ ಪಕ್ಕಕ್ಕಿಟ್ಟರು. ಬಡಗಿಯ ಕಡೆ ತಿರುಗಿ ಝಾಂಜಿಗೆ ಕೈ ಚಾಚಿದರು. ಆ ಕೈ ಚಾಚಿದ್ದನ್ನು ಕಂಡು ನನ್ನ ಸಿಟ್ಟೆಲ್ಲ ಇಳಿದುಹೋಯಿತು ಎಂದು ಬರೆಯಬೇಕು, ಆದರೆ ಇಳಿದದ್ದು ಅರ್ಧ.

ಅವರು ಝಾಂಜು ಹಿಡಿದು ಅನ್ಯಮನಸ್ಕರಾಗಿ ನಾಲ್ಕು ಹೆಜ್ಜೆ ನಡೆದರು. ಝಣ್, ಝಣ್, ಝಣ್, ಝಣ್. ಗಡಿಯಾರದ ಹಾಗೆ. ಹನ್ನೆರಡು ವರ್ಷ ನಡೆದ ಕಾಲು.

"ಥಾಮೋ, ನಿಂದರ್ರಿ," ಎಂದರು ಉಸ್ತಾದರು. "ಇವರ ಕಾಲಿಗೆ ಝಾಂಜು ಗೊತ್ತದ. ತಾಶಾ ಗೊತ್ತಿಲ್ಲ. ಗೊತ್ತಿದ್ದ ಕೆಲಸ ಕಾಲಿಗೆ ಕೊಡ್ರಿ, ಹೊಸಾದ್ದು ಕೈಗೆ."

ಕಾಲಿಗೆ ಝಾಂಜು ಕಟ್ಟುವುದು ಹೇಗೆ? ಉಸ್ತಾದರು ಗಾಡಿಯ ಎತ್ತಿನ ಕೊರಳು ತೋರಿಸಿದರು. ಎತ್ತಿನ ಗೆಜ್ಜೆಸರ ಬಿಚ್ಚಿ ಎರಡು ಮಾಡಿ ಭಾವನವರ ಎರಡೂ ಕಾಲಿಗೆ ಬಿಗಿದೆವು.

"ತಮ್ಮಾ, ಮಂದಿ ನಗ್ತಾರ," ಎಂದರು ಅವರು ಸಣ್ಣ ದನಿಯಲ್ಲಿ.

"ನಗಲಿ ಬಿಡ್ರಿ. ಎತ್ತು ನಕ್ಕಿಲ್ಲ, ಸಾಕು."

ಮೊದಲು ತಾಶಾ ಇಲ್ಲದೆ ನಡೆಸಿದೆವು. ಗೆಜ್ಜೆ ನಾಲ್ಕು ನುಡಿಯಿತು. ಆಮೇಲೆ ಸುತ್ತಿನ ಮೊದಲ ಪೆಟ್ಟೊಂದನ್ನೇ ಹಾಕಿಸಿದೆವು. ಆಮೇಲೆ ಢೋಲಿನ ಬೆನ್ನಿಗೆ ಬೀಳುವ ಎರಡನೆಯದು. ಕಡೆಗೆ ಮೂರನೆಯದು. ಕಾಲು ತನ್ನ ಹಳೆಯ ನೌಕರಿಯಲ್ಲಿ ಮಗ್ನವಾಗಿತ್ತು. ಕೈ ಏನು ಮಾಡುತ್ತಿದೆ ಎಂದು ವಿಚಾರಿಸಲಿಲ್ಲ.

ಅಗಸಿಯಲ್ಲಿ ಔರಾದಿನ ಜನ ಗೆಜ್ಜೆ ನೋಡಿ ನಕ್ಕದ್ದು ನಿಜ. ಒಬ್ಬ ಮುದುಕ, "ಭಾಲ್ಕಿಯವರು ಇದಕ್ಕ ಹಲ್ಲು ನೋಡಿ ತಂದೀರೋ ಹಂಗ ತಂದೀರೋ?" ಎಂದು ಕೇಳಿದ. ಭಾವನವರು ಮನಸ್ಸಿನಲ್ಲೇ ಎಣಿಸುತ್ತ ನಡೆದರು, ತುಟಿ ಅಲ್ಲಾಡಿಸಿದರೆ ಎಣಿಕೆ ತಪ್ಪುತ್ತಿತ್ತು. ಎಂಟು ಸುತ್ತು ಬಿಗಿ, ಎರಡು ಸುತ್ತು ಸಡಿಲ. ಕರವಸ್ತ್ರಗಳು ನಾಲ್ಕರಲ್ಲಿ ನಡೆದು ಮೂರರಲ್ಲಿ ಹಾರಿದವು. ಪೇಟೆಯ ತಿರುವಿನಲ್ಲಿ ಭಾವನವರು ಒಂದು ಕಲ್ಲು ಎಡವಿದರು. ಗೆಜ್ಜೆ ಒಂದು ಹೆಜ್ಜೆ ಮೂಕವಾಗಿ, ಮುಂದಿನ ಹೆಜ್ಜೆಗೆ ತನ್ನ ಜಾಗದಲ್ಲೇ ನುಡಿಯಿತು. ಕೈಗೆ ಸುದ್ದಿಯೇ ಮುಟ್ಟಿರಲಿಲ್ಲ. ಹೆಣ್ಣಿನ ಮನೆಯ ಬಾಗಿಲಲ್ಲಿ ಕಡೆಯ ಪೆಟ್ಟು ಮೂವರದೂ ಒಂದೇ ಬೀಜದ ಮೇಲೆ ಬಿತ್ತು. ಎತ್ತಿನ ಹಲ್ಲು ಕೇಳಿದ ಮುದುಕ ಆಗಲೂ ಹೆಗಲು ಕುಣಿಸುತ್ತಿದ್ದ.

ಉಸ್ತಾದರು ತಾಶಾ ಕೊಟ್ಟರು, ಎರಡೂ ಬೆತ್ತ ಕೊಟ್ಟರು. "ಗೆಜ್ಜಿ ಮಾತ್ರ ಬಿಚ್ಚಬ್ಯಾಡ್ರಿ," ಎಂದರು. "ಇನ್ನೊಂದು ವರ್ಷ ನಡೀಲಿ, ಆಮ್ಯಾಲ ಕಾಲು ತಾನೇ ಹೇಳ್ತದ."

ಭಾವನವರು ಹಿರಿಯರ ಮಾತು ಮೀರುವವರಲ್ಲ. ಭಾಲ್ಕಿಗೆ ಬಂದ ಮರುದಿನದಿಂದ ಪಡಸಾಲೆಯಲ್ಲಿ ಗೆಜ್ಜೆ ಕಟ್ಟಿಕೊಂಡು ಈ ಗೋಡೆಯಿಂದ ಆ ಗೋಡೆಗೆ ನಡೆಯತೊಡಗಿದರು. ಮೂರನೆಯ ದಿನ ಅಕ್ಕ ನಮ್ಮ ಮನೆಗೆ ಬಂದು ತಲೆ ಹಿಡಿದುಕೊಂಡು ಕೂತಳು.

"ಕೊಡ ಬಿಟ್ಟಾರೇನು?" ಎಂದು ಕೇಳಿದೆ.

"ಕೊಡ ಬಿಟ್ಟಾರ," ಎಂದಳು. "ಈಗ ನೆಲಾ ಹಿಡದಾರ."