ಬಣ್ಣ ಬಳಿದ ಸತುವು

ಬಣ್ಣದ ತಪಾಸಣೆ ನನ್ನ ಕೆಲಸ. ನಾನಿರುವ ಊರು ಸಮರ್‌ಸೆಟ್‌ನಿಂದ ಒಂದು ಗಂಟೆ ಡ್ರೈವ್ ಮಾಡಿ ಕೊಲ್ಲಿಯ ದಡದ ದೋಣಿ ಯಾರ್ಡಿಗೆ ಹೋಗುತ್ತೇನೆ. ಕಳೆದ ವರ್ಷ ಬಣ್ಣ ಹಚ್ಚಿ ನೀರಿಗಿಳಿಸಿದ್ದ ಹಡಗುಗಳನ್ನೆಳೆಯುವ ಉಕ್ಕಿನ ಟಗ್ ದೋಣಿಯನ್ನು ಈ ವಸಂತದಲ್ಲಿ ಮೇಲೆತ್ತಿದರು. ನೋಡಿ ಮೈಯೆಲ್ಲ ಉರಿದುಹೋಯಿತು. ಚುಕ್ಕಾಣಿಯ ಸುತ್ತ, ಗೀರು ಬಿದ್ದಲ್ಲೆಲ್ಲ, ತುಕ್ಕಿನ ಗುಳಿಗಳು.

ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಒಟ್ಟಿಗೆ ಸಿಕ್ಕರೆ ತುಕ್ಕು ಶುರು. ಉಪ್ಪುನೀರಾದರೆ ಕೇಳುವುದೇ ಬೇಡ. ಬಣ್ಣ ಅವೆರಡನ್ನೂ ಹೊರಗಿಡುತ್ತದೆ, ಆದರೆ ಗೀರಿದ ಜಾಗದಲ್ಲಿ ಅದರ ಆಟ ಮುಗಿಯಿತು. ಅದಕ್ಕೇ ಡೆಕ್ಕಿನ ಕಂಬಿಗಳನ್ನು ಕರಗಿದ ಸತುವಿನಲ್ಲಿ ಅದ್ದಿರುತ್ತಾರೆ. ಸ್ವಲ್ಪ ಗೀರಿದರೂ ಪಕ್ಕದ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ನೀರಿನೊಳಗಿನ ಒಡಲಿಗೆ ಅದೇ ಕೆಲಸ ಮಾಡಲು ಸತುವಿನ ಗಟ್ಟಿಗಳನ್ನು ಬೆಸೆದಿರುತ್ತಾರೆ. ಒಂದು ವರ್ಷದಲ್ಲಿ ಅವು ಕರಗಿ ಸೊರಗಿರಬೇಕಿತ್ತು. ಇಲ್ಲಿ ಹೊಸದರಂತೆಯೇ ಇದ್ದವು. ಚಾಕುವಿನಿಂದ ಕೆರೆದೆ: ಮೇಲೆ ದಪ್ಪ ಕೆಂಪು ಬಣ್ಣ. ನೀರು ತಾಗದ ಸತುವು ಯಾರನ್ನು ಕಾಯುತ್ತದೆ?

ತಪ್ಪು ಯಾರದೆಂದು ವರದಿ ಕೊಡಿ, ಅವರನ್ನು ಇವತ್ತೇ ತೆಗೆಯುತ್ತೇನೆ ಎಂದ ಯಾರ್ಡಿನ ಮ್ಯಾನೇಜರ್. ಬಣ್ಣದವರ ಮುಖ್ಯಸ್ಥರು ಗದಗ ಕಡೆಯವರು, ನನಗಿಂತ ಹತ್ತು ವರ್ಷ ಹಿರಿಯರು. ಇಷ್ಟು ವರ್ಷ ಬ್ರಶ್ ಹಿಡಿದವರಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಹಲ್ಲು ಕಡಿಯುತ್ತ ಅವರದೇ ಹೆಸರು ಬರೆದೆ. ಕಳಿಸುವ ಮೊದಲು ಒಮ್ಮೆ ಬೈದುಬಿಡೋಣವೆಂದು ಕರೆಸಿದೆ.

ಅವರು ಗಟ್ಟಿಯನ್ನೊಮ್ಮೆ ಮುಟ್ಟಿ ನೋಡಿದರು. ನಾನು ಬೈದೆ.

“ಗಟ್ಟಿಗೆ ಪೇಂಟ್ ತಾಗಬಾರ್ದಂತ ನಾ ಟೇಪ್ ಹಚ್ಚಿದ್ದೆರಿ ಸರ್. ನೀವ ಕೆಳಗ ನಿಂತು, ಆ ಟೇಪ್ ಎಲ್ಲಾ ಕಿತ್ತು ಪೇಂಟ್ ಹೊಡೀರಿ, ಒಂದ್ ಚೂರೂ ಬಿಡಬ್ಯಾಡ್ರಿ ಅಂದ್ರಿ.”

ಥಟ್ಟನೆ ನೆನಪಾಯಿತು. ಅಂದು ಮಳೆ ಬರುವ ಮೊದಲು ಮುಗಿಸುವ ಅವಸರ. ನೀರಿನ ಮಟ್ಟದ ಗೆರೆ ನೇರ ಬರಲೆಂದು ಹಚ್ಚಿದ ಟೇಪ್ ಎಂದುಕೊಂಡು, ತಲೆಯೆತ್ತಿ ಸರಿಯಾಗಿ ನೋಡದೆ ಅರಚಿದ್ದೆ. ಒಂದಿಂಚೂ ಬಣ್ಣವಿಲ್ಲದೆ ಬಿಟ್ಟರೆ ಸಹಿ ಹಾಕುವುದಿಲ್ಲ ಎಂದು ಎಲ್ಲರನ್ನೂ ಹೆದರಿಸಿಟ್ಟವನೂ ನಾನೇ.

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಆ ಪ್ರಶ್ನೆಯಲ್ಲೂ ತಪ್ಪನ್ನು ಅವರ ಮೇಲೆ ಹಾಕುವ ಹಟವಿತ್ತು, ಈಗ ನಾಚಿಕೆಯಾಗುತ್ತದೆ.

“ಹೇಳಿದ್ದೆರಿ. ವಾದ ಬ್ಯಾಡ ಅಂದ್ರಿ.”

ಕಾರಿನಲ್ಲಿ ಕೂತು ವರದಿಯಲ್ಲಿ ಅವರ ಹೆಸರು ಅಳಿಸಿ ನನ್ನದನ್ನು ಬರೆದು ಕಳಿಸಿದೆ. ಹೊರಗೆ ಬಂದಾಗ ಅವರು ಆಗಲೇ ಮೊಣಕಾಲೂರಿ, ಗಟ್ಟಿಯ ಮೇಲಿನ ಕೆಂಪು ಬಣ್ಣವನ್ನು ಕೆರೆಯುತ್ತಿದ್ದರು.